ಹಾಲು ಹಜಾರಕ್ಕೆ ಹರಿದ ದಿನ

ನಮ್ಮ ಫ್ಲ್ಯಾಟಿಗೆ ಬಂದವರಿಗೆಲ್ಲ ದೊಡ್ಡಮ್ಮ ಹೇಳುವ ಕತೆಯಲ್ಲಿ, ಉಕ್ಕಿದ ಹಾಲು ಅಡುಗೆಮನೆಯಿಂದ ನೇರ ಹಜಾರಕ್ಕೆ ಹರಿದು ಬರುತ್ತದೆ. ಅಂದರೆ ಲಕ್ಷ್ಮಿ ತಾನಾಗಿ ಒಳಗೆ ಬಂದಳು. ಕೇಳಿದವರು ಕೈಮುಗಿಯುತ್ತಾರೆ. ಹಾಲು ಹರಿದದ್ದು ನಿಜ, ನಾನೂ ಕಂಡಿದ್ದೇನೆ. ಆದರೆ ಲಕ್ಷ್ಮಿಗೆ ಹೊಸ್ತಿಲು ಬಿಟ್ಟು ಅಡುಗೆಮನೆಯ ಕಡೆಯಿಂದ ಒಳಬರುವ ಅಭ್ಯಾಸ ಯಾವಾಗಿನಿಂದ? ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ವಾದವನ್ನು ಯಾರಾದರೂ ಮುಂದಿಟ್ಟಿದ್ದರೆ ಎರಡೇ ನಿಮಿಷದಲ್ಲಿ ಕೂರಿಸಿಬಿಡುತ್ತಿದ್ದೆ.

ಅಪ್ಪ ಮೂಡುಬಿದಿರೆಯಲ್ಲಿ ಹೈಸ್ಕೂಲು ಮಾಸ್ತರರು. ಅರವತ್ತರ ದಶಕದ ಕೊನೆಗೆ ಮಾಸ್ತರರೆಲ್ಲ ಸೇರಿ ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡು, ಕೆಳಗೆರಡು ಮೇಲೆರಡು ಮನೆಗಳ ಕಟ್ಟಡ ಎಬ್ಬಿಸಿದರು. ಮೇಲಿನದೊಂದು ನಮಗೆ ಬಂತು. ಶಿರ್ತಾಡಿಯ ನೆಂಟರಿಗೆ ಇದು ಅರ್ಥವೇ ಆಗಲಿಲ್ಲ. "ನಿಮ್ಮ ನೆಲ ಅಂದರೆ ಇನ್ನೊಬ್ಬರ ತಲೆ ಮೇಲಿನ ಮಾಡಾ?" ಎಂದು ಕೇಳಿ ನಕ್ಕಿದ್ದರು.

ಅಮ್ಮ ಕೇಳಿಕೊಂಡದ್ದು ಒಂದೇ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ನೀರು ಮೂಲೆಯ ಮೋರಿಗೆ ಹೋಗದೆ ಕಾಲಡಿಯಲ್ಲೇ ನಿಲ್ಲುತ್ತಿತ್ತು. ವರ್ಷಗಟ್ಟಲೆ ಬಗ್ಗಿ ಕಸಬರಿಕೆಯಿಂದ ತಳ್ಳಿ ತಳ್ಳಿ ಅವಳ ಸೊಂಟ ಹೋಗಿತ್ತು. "ಹೊಸ ಮನೆಯಲ್ಲಿ ನೀರು ತಾನಾಗಿ ಹೋಗಲಿ, ಸಾಕು" ಎಂದಿದ್ದಳು.

ಅಪ್ಪನ ಯೋಜನೆ ಪರೀಕ್ಷೆಯ ವೇಳಾಪಟ್ಟಿಯ ಹಾಗೆ ಚೊಕ್ಕವಾಗಿತ್ತು: ಮೊದಲು ಸಂಘದ ಕಾರ್ಯದರ್ಶಿ, ಕಂಟ್ರಾಕ್ಟರ್ ಇಬ್ಬರ ಜೊತೆ ಮನೆ ಸುತ್ತಿ ಕುಂದುಕೊರತೆ ಬರೆಯುವುದು, ಆಮೇಲೆ ಕರೆಂಟಿನ ಮೀಟರ್, ಆಮೇಲೆ ಸ್ವಾಧೀನ ಪತ್ರಕ್ಕೆ ಸಹಿ, ಕೊನೆಗೆ ಕೀ. ಹಾಲುಕ್ಕಿಸುವುದು ಇದೆಲ್ಲ ಮುಗಿದ ಮೇಲೆ. ಆದರೆ ಜೋಯಿಸರ ಮುಹೂರ್ತ ಮನೆ ಸುತ್ತಬೇಕಿದ್ದ ದಿನವೇ ಬೆಳಗಿನ ಜಾವಕ್ಕೆ ಬಿತ್ತು. ದೊಡ್ಡಮ್ಮ ಕಾವಲಿನವನಿಂದ ಕೀ ಕೇಳಿ ಪಡೆದು, ಹೊಸ ಕಾವಿ ನೆಲದ ಮೇಲೆ ಮೂರು ಇಟ್ಟಿಗೆ ಇಟ್ಟು, ತೆಂಗಿನ ಗೆರಟೆಯ ಬೆಂಕಿ ಮಾಡಿಯೇ ಬಿಟ್ಟರು. ಹಾಲು ಉಕ್ಕಿತು, ಹಜಾರಕ್ಕೆ ಹರಿಯಿತು, ಸುತ್ತ ನಿಂತಿದ್ದವರು ಕೈಮುಗಿದರು.

ಹೊತ್ತೇರಿದ ಮೇಲೆ ಬಂದ ಕಂಟ್ರಾಕ್ಟರ್ ಬಾಗಿಲಲ್ಲೇ ಇಟ್ಟಿಗೆ, ಬೂದಿ ನೋಡಿ ಹಲ್ಲು ಬಿಟ್ಟರು. "ಇದೇನು ಮಾಸ್ಟ್ರೇ, ಹಾಲು ಉಕ್ಕಿಸಿ ಆದ ಮೇಲೆ ಮನೆ ಪರೀಕ್ಷೆಯಾ? ಮದುವೆ ಆದ ಮೇಲೆ ಹುಡುಗಿ ನೋಡಲಿಕ್ಕೆ ಹೋದ ಹಾಗೆ ಆಯ್ತು!"

"ಮದುವೆಗೆ ಮೊದಲು ನೀವು ಹುಡುಗಿಯನ್ನು ತೋರಿಸಿದ್ದು ಯಾವಾಗ?" ಎಂದೆ.

"ಮಗಳಿಗೆ ಬಾಯಿ ಉಂಟು ಮಾರಾಯ್ರೆ."

ಆದರೂ ಕಾರ್ಯದರ್ಶಿ ನಿಯಮ ಬಿಡಲಿಲ್ಲ, ಸುತ್ತಾಟ ಶುರುವಾಯಿತು. ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ, ಬರೆದರು. ಕಿಟಕಿಗೆ ಕೊಂಡಿಯಿಲ್ಲ, ಬರೆದರು. ನಲ್ಲಿ ಸೋರುತ್ತದೆ, ಅದನ್ನೂ ಬರೆದರು. ಅಡುಗೆಮನೆಗೆ ಬಂದಾಗ ನಾನು ಒಂದು ಚೆಂಬು ನೀರು ಸುರಿದೆ. ಅದು ಮೋರಿಗೆ ಬೆನ್ನು ಹಾಕಿ, ಹಾಲು ಹೋದ ದಾರಿಯಲ್ಲೇ ಹಜಾರಕ್ಕೆ ಹೊರಟಿತು.

"ಇಳಿಜಾರು ಉಲ್ಟಾ ಉಂಟು. ಬರೆಯಿರಿ" ಎಂದೆ.

"ಉಲ್ಟಾ ಅಲ್ಲ ತಂಗೀ, ಲಕ್ಷ್ಮಿ ತೋರಿಸಿದ ದಾರಿ ಅದು" ಎಂದರು ಕಂಟ್ರಾಕ್ಟರ್.

"ಹಾಗಾದರೆ ನೆಲಕ್ಕೆ ಸಿಮೆಂಟ್ ಹಾಕಿದ್ದೂ ಅವಳೇ ಏನು?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಬರೆಯುವುದಕ್ಕೆ ಅಡ್ಡಿ ಇಲ್ಲ. ಬರೆದರೆ ಇವರೇ ನೆಲ ಒಡೆದು ಹೊಸದಾಗಿ ಹಾಕಿಕೊಡಬೇಕು. ಬರೆಯದೆ ಸಹಿ ಮಾಡಿದರೆ ಆಮೇಲೆ ಕೇಳುವ ಹಾಗಿಲ್ಲ. ಮನೆಯವರು ಹೇಳಲಿ."

"ಹಾಲು ಹರಿದ ನೆಲಕ್ಕೆ ಗುದ್ದಲಿಯಾ!" ದೊಡ್ಡಮ್ಮ ಕೆನ್ನೆ ಬಡಿದುಕೊಂಡರು. "ಬಿಡ್ತು ಅನ್ನಿ ಎಲ್ಲರೂ."

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಸೆರಗಿನ ತುದಿ ಸುತ್ತುತ್ತ, "ಅದೊಂದು ಬಿಡಿ" ಎಂದಳು. ಕಾರ್ಯದರ್ಶಿ ಪೆನ್ನು ಮುಚ್ಚಿದರು. ಎದುರು ಪಕ್ಷದ ಬಾಯಿ ಮುಚ್ಚಿಸುವುದನ್ನು ಮಾತ್ರ ಕಲಿತಿದ್ದ ನನಗೆ, ನಮ್ಮದೇ ಪಕ್ಷ ಕೈಕೊಟ್ಟಾಗ ಏನು ಮಾಡುವುದೆಂದು ಯಾರೂ ಕಲಿಸಿರಲಿಲ್ಲ.

ಉಳಿದದ್ದು ಸಲೀಸಾಗಿ ಮುಗಿಯಿತು. ವಿದ್ಯುತ್ ಕಚೇರಿಯಿಂದ ಬಂದವರು ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೀಟರಿನ ಚಕ್ರ ನಿಂತದ್ದನ್ನು ತೋರಿಸಿ, ಅಂಕಿ ಬರೆದುಕೊಂಡರು. ಅಪ್ಪ ಸ್ವಾಧೀನ ಪತ್ರಕ್ಕೆ ಸಹಿ ಹಾಕಿದರು. ಮೀಟರನ್ನು ಕಂಟ್ರಾಕ್ಟರರ ಹೆಸರಿನಿಂದ ಅಪ್ಪನ ಹೆಸರಿಗೆ ಮಾಡುವ ಅರ್ಜಿಗೆ ಇಬ್ಬರೂ ಸಹಿ ಹಾಕಿ, ಆ ಪತ್ರದ ನಕಲು ಸೇರಿಸಿದರು. ಕಾರ್ಯದರ್ಶಿ ಕೀ ಗೊಂಚಲನ್ನು ಅಪ್ಪನ ಕೈಗಿಟ್ಟರು, ಅಪ್ಪ ಅಮ್ಮನ ಕೈಗೆ. ಕಾವಲಿನವನು ಬೆಳಿಗ್ಗೆಯೇ ಕೊಟ್ಟಿದ್ದ ಅದೇ ಕೀ, ಈಗ ಗಂಭೀರವಾಗಿ.

ಉಜ್ಜುವ ಬಾಗಿಲು, ಕೊಂಡಿ, ನಲ್ಲಿ ಎಲ್ಲ ಸರಿಯಾದವು. ಪಟ್ಟಿಯಲ್ಲಿ ಬರೆದಿದ್ದರಲ್ಲ! ಅಮ್ಮ ಮಾತ್ರ ಈಗಲೂ ಊಟವಾದ ಮೇಲೆ ಬಗ್ಗಿ, ಹಜಾರಕ್ಕೆ ಹೊರಟ ನೀರನ್ನು ಮೋರಿಗೆ ತಳ್ಳುತ್ತಾಳೆ. ಬಂದವರೆದುರು ದೊಡ್ಡಮ್ಮ ಕತೆ ಹೇಳುವಾಗ ಕಸಬರಿಕೆಯನ್ನು ಬಾಗಿಲ ಹಿಂದೆ ಇಡುತ್ತಾಳೆ. ನಿನ್ನೆಯೂ ಇಟ್ಟಳು. ಬಂದವರು ಹೋದ ಮೇಲೆ ನಾನು ಕೇಳಿಯೇ ಬಿಟ್ಟೆ:

"ಅಮ್ಮಾ, ಆ ದಿನ ಹಾಲು ಹಜಾರಕ್ಕೆ ತಿರುಗಿದಾಗ ಎಲ್ಲರೂ ಕೈಮುಗಿದರು. ನೀನೊಬ್ಬಳು ಮೋರಿಯ ಕಡೆ ನೋಡಿದ್ದು ಯಾಕೆ?"