ಫಿರ್ದೋಸಳ ಅರ್ಜಿಗೆ ಲಗತ್ತಿಸಿದ ಮೆಮೊ

ಶಿಕಾರಿಪುರದಲ್ಲಿ ಕೆಲಸಕ್ಕೆ ಅರ್ಜಿ ಹಾಕದವರು ಯಾರಿದ್ದಾರೆ? ಆದರೆ ತನ್ನ ತಪ್ಪನ್ನೇ ಅರ್ಜಿಯ ತಲೆಯ ಮೇಲೆ ಹೊರಿಸಿ ಮೆರೆಸಿದವಳು ಫಿರ್ದೋಸ್ ಒಬ್ಬಳೇ ಇರಬೇಕು.

ಇವಳು ವೆಲ್ಡಿಂಗ್ ಮಾಡುವ ಅಜಮತ್ ಉಲ್ಲಾನ ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಹರಿಹರ ಎಂಬುವರ ವರ್ಕ್‌ಶಾಪಿನಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳ ನಕ್ಷೆ ಬರೆಯುತ್ತಿದ್ದಳು. ಗೆರೆಯೆಲ್ಲ ಇವಳದು. ಹಾಳೆಯ ಮೂಲೆಯ ಚೌಕದಲ್ಲಿ ‘ಬರೆದವರು’ ಎಂದಿರುವಲ್ಲಿ ಹೆಸರು ಮಾತ್ರ ಹರಿಹರರದು. ವರ್ಕ್‌ಶಾಪಿನ ಪದ್ಧತಿಯೇ ಹಾಗೆ ಎಂದು ಅವರು ಮೊದಲ ದಿನವೇ ಹೇಳಿದ್ದರು.

ಈಗ ಶಿವಮೊಗ್ಗದ ಕಂಪನಿಯೊಂದಕ್ಕೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಟೆಕ್ನಿಶಿಯನ್ ಬೇಕಾಗಿತ್ತು. ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲೇ ಒಂದಕ್ಕೊಂದು ಕೂಡಿಸಿ ಇಡೀ ಯಂತ್ರ ಕಟ್ಟುವ ಅಸೆಂಬ್ಲಿ ಮಾಡೆಲಿಂಗ್ ಬರಲೇಬೇಕು, ಅದಕ್ಕೆ ಪುರಾವೆಯೂ ಬೇಕು ಎಂದು ಜಾಹೀರಾತಿನಲ್ಲಿತ್ತು. ಅನುಭವ ಪತ್ರ ಕೇಳಿದರೆ ಹರಿಹರರು ಸೊಪ್ಪು ಹಾಕಲಿಲ್ಲ.

“ಯೋಚ್ನೆ ಎಲ್ಲಾ ನಂದು. ನೀನು ಗೆರೆ ಎಳ್ದಿದೀಯ, ಅಷ್ಟೇ. ಏನಂತ ಬರ್ಕೊಡ್ಲಿ?” ಎಂದರು.

ಫಿರ್ದೋಸಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ನೆನಪಾದದ್ದು ಹೊಸಬಾಳೆ ಎಂಬ ಊರು.

ಎರಡು ವರ್ಷದ ಹಿಂದೆ ಹೊಸಬಾಳೆಯ ರೈತ ಕೆಂಪಪ್ಪನ ಯಂತ್ರ ಬೇರಿಂಗ್ ಸುಟ್ಟು ನಿಂತಿತ್ತು. ರಿಪೇರಿಗೆ ಹೊರಟ ಅಪ್ಪನ ಬೈಕಿನಲ್ಲಿ ಇವಳೂ ಹೋಗಿದ್ದಳು. ಇವಳೇ ನಕ್ಷೆ ಬರೆದು, ಕಂಪ್ಯೂಟರಿನಲ್ಲಿ ಯಾವ ಭಾಗವೂ ಇನ್ನೊಂದಕ್ಕೆ ತಾಗುತ್ತಿಲ್ಲ ಎಂದು ಪರೀಕ್ಷೆ ಮಾಡಿಯೇ ಕಳಿಸಿದ್ದ ಯಂತ್ರ ಅದು. ಕೆಂಪಪ್ಪ ಬೆಲ್ಟನ್ನು ಮುಚ್ಚಿದ್ದ ತಗಡಿನ ಗಾರ್ಡನ್ನು ತೋರಿಸಿದ.

“ಗ್ರೀಸ್ ಹೊಡಿಯಾಕೆ ಗನ್ನು ಎಲ್ಲಿ ತೂರ್ಸಾದು? ನೀವೇ ತೋರ್ಸಿ ನೋಡಾನ.”

ತೂರಿಸಲು ಜಾಗವೇ ಇರಲಿಲ್ಲ. ಯಂತ್ರದ ಭಾಗಗಳು ಒಂದಕ್ಕೊಂದು ತಾಗುತ್ತಿರಲಿಲ್ಲ ನಿಜ, ಆದರೆ ಮನುಷ್ಯನ ಕೈಯನ್ನು ಲೆಕ್ಕಕ್ಕೆ ಹಿಡಿದವರಾರು? ನಾಚಿಕೆಯಿಂದ ವಾಪಸು ಬಂದವಳು ಕಂಪ್ಯೂಟರಿನಲ್ಲಿ ಗ್ರೀಸ್ ಗನ್ನನ್ನೂ ಒಂದು ಭಾಗವಾಗಿ ಬರೆದಳು. ಅದರ ಬಾಯಿಯನ್ನು ಬೇರಿಂಗಿಗೆ ಗ್ರೀಸ್ ತುಂಬುವ ನಿಪ್ಪಲಿಗೆ ನೇರ ಕೂರಿಸಿ, ಹಿಡಿ ಒತ್ತಲು ಜಾಗ ಸಿಗುವವರೆಗೂ ಗಾರ್ಡನ್ನು ಸರಿಸಿದಳು. ಅಂದಿನಿಂದ ಅವಳ ಪ್ರತಿ ಯಂತ್ರದ ಮಾಡೆಲಿನೊಳಗೂ ಒಂದು ಗ್ರೀಸ್ ಗನ್ ಕೂತಿರುತ್ತಿತ್ತು. ಬೇರಿಂಗ್ ಸುಟ್ಟ ದೂರು ಮತ್ತೆ ಬರಲಿಲ್ಲ.

ಒಮ್ಮೆ ಮಾತ್ರ ಎಡವಟ್ಟಾಯಿತು. ಕಂಪ್ಯೂಟರ್ ತಯಾರಿಸುವ ಖರೀದಿ ಸಾಮಾನಿನ ಪಟ್ಟಿಯಿಂದ ಆ ಗನ್ನನ್ನು ಹೊರಗಿಡಲು ಮರೆತಳು. ಪಟ್ಟಿ ತಾನಾಗಿಯೇ ಎಣಿಸಿಕೊಂಡಿತು. ಆರು ಯಂತ್ರಕ್ಕೆ ಆರು ಗ್ರೀಸ್ ಗನ್ ಬಾಗಿಲಿಗೆ ಬಂದಿಳಿದವು. ಇಡೀ ವರ್ಕ್‌ಶಾಪ್ ಬಿದ್ದು ಬಿದ್ದು ನಕ್ಕಿತು. ಹರಿಹರರು ನಗಲಿಲ್ಲ, ಮೆಮೊ ಕೊಟ್ಟರು.

ಆ ಮೆಮೊ ಟ್ರಂಕಿನ ತಳದಲ್ಲಿತ್ತು. ಈಗ ತೆಗೆದು ಓದಿದಳು: ‘ನೀವು ಸ್ವತಃ ತಯಾರಿಸಿದ ಯಂತ್ರದ ಸಂಪೂರ್ಣ ಅಸೆಂಬ್ಲಿ ಮಾಡೆಲಿನಲ್ಲಿ ಗ್ರೀಸ್ ಗನ್ ಸೇರಿಸಿ, ಪಟ್ಟಿಯಿಂದ ಕೈಬಿಡದೆ ನಷ್ಟ ಉಂಟುಮಾಡಿದ್ದೀರಿ.’ ಕೆಳಗೆ ಸಹಿ, ಸೀಲು, ತಾರೀಖು. ಫಿರ್ದೋಸ್ ಗಟ್ಟಿಯಾಗಿ ನಕ್ಕುಬಿಟ್ಟಳು.

ಬಸ್ ಸ್ಟ್ಯಾಂಡಿನ ಹತ್ತಿರ ಅರ್ಜಿ ಟೈಪ್ ಮಾಡುವ ತೀರ್ಥೇಶನ ಬಳಿ ಎಲ್ಲರಿಗೂ ಒಂದೇ ನಮೂನೆ: ಬಡ ಕುಟುಂಬದವಳು, ದಯವಿಟ್ಟು ಅವಕಾಶ ಕೊಟ್ಟು ಕಾಪಾಡಬೇಕು. ಅದನ್ನೆಲ್ಲ ಅಳಿಸಿ ಎಂದು ಅವಳು ತಾನೇ ಹೇಳಿ ಬರೆಸಿದಳು: ನೂರಾ ನಲವತ್ತು ಭಾಗಗಳ ಯಂತ್ರವನ್ನು ಚೌಕಟ್ಟು, ಡ್ರಮ್ಮು, ಫ್ಯಾನು ಎಂದು ಸಣ್ಣ ಜೋಡಣೆಗಳಾಗಿ ಕಟ್ಟಿ, ಆಮೇಲೆ ಒಂದು ಮಾಡಿದ್ದೇನೆ. ಡ್ರಮ್ಮನ್ನು ಪರದೆಯ ಮೇಲೆ ತಿರುಗಿಸಿ ನೋಡಿಯೇ ವರ್ಕ್‌ಶಾಪಿಗೆ ನಕ್ಷೆ ಕೊಟ್ಟಿದ್ದೇನೆ. ಹೊಸಬಾಳೆಯಲ್ಲಿ ಕಲಿತದ್ದು ಇದು, ಆರು ಗ್ರೀಸ್ ಗನ್ ಬಂದದ್ದು ಹೀಗೆ. ಆ ಕಡತಗಳು ಮಾಲೀಕರವು, ಕಳಿಸಲಾರೆ. ನಿಮ್ಮದೇ ಭಾಗಗಳನ್ನು ಕೊಡಿ, ನಿಮ್ಮೆದುರೇ ಜೋಡಿಸುತ್ತೇನೆ.

“ಮೆಮೊ ಯಾರಾದ್ರೂ ಲಗತ್ತಿಸ್ತಾರೇನ್ರೀ?” ಎಂದು ತೀರ್ಥೇಶ್ ಕೈ ನಿಲ್ಲಿಸಿದ.

“ನಾನು ಲಗತ್ತಿಸ್ತೀನಿ. ಸ್ಕ್ಯಾನ್ ಮಾಡಿ” ಎಂದಳು.

ವಾರದೊಳಗೆ ಕಂಪನಿಯ ನಕ್ಷೆ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. ಈಗ ಗನ್ನನ್ನು ಪಟ್ಟಿಗೆ ಬಾರದಂತೆ ಹೇಗಿಡುತ್ತೀರಿ ಎಂಬುದೊಂದೇ ಅವರ ಪ್ರಶ್ನೆ. ಭಾಗದ ಗುಣಲಕ್ಷಣದಲ್ಲೇ ಪಟ್ಟಿಗೆ ಬೇಡ ಎಂದು ಗುರುತು ಹಾಕಿಡುತ್ತೇನೆ, ಆಮೇಲೆ ಪಟ್ಟಿಯನ್ನು ಕಣ್ಣಾರೆ ನೋಡುತ್ತೇನೆ ಎಂದಳು. ಸೋಮವಾರ ಪರೀಕ್ಷೆಗೆ ಬನ್ನಿ ಎಂದರು.

ಪರೀಕ್ಷೆಗೆಂದು ರಜೆ ಕೇಳಿದಾಗ ಹರಿಹರರ ಹುಬ್ಬು ಗಂಟಿಕ್ಕಿತು. ಅನುಭವ ಪತ್ರವೇ ಇಲ್ಲದೆ ಕಂಪನಿಯವರು ಹೇಗೆ ಕರೆದರು, ಯಾರು ಬರೆದುಕೊಟ್ಟರು ಎಂದು ಕೇಳಿದರು.

ಫಿರ್ದೋಸ್ ರಜೆ ಚೀಟಿಯನ್ನು ಅವರ ಮೇಜಿನ ಮೇಲಿಟ್ಟಳು.

“ನೀವೇ ಕೊಟ್ಟಿದ್ದು, ಸಾರ್. ಸೀಲು ಸಮೇತ.”