ಓದದೇ ಒತ್ತಬ್ಯಾಡ್ರಿ

ಅವ್ವ ಹೋದ ಮೇಲೆ ಅವಳ ಮುಖ ನನಗೆ ಮರೆತುಹೋಗಲಿಲ್ಲ. ಗೋಡೆಗೆ ಫೋಟೋ ಇತ್ತು, ಆಲ್ಬಮ್ಮಿನಲ್ಲಿ ಇನ್ನಷ್ಟು ಇದ್ದವು. ಮರೆತುಹೋಗತೊಡಗಿದ್ದು ಅವಳ ದನಿ. ಒಂದು ದಿನ ಕ್ಲಾಸಿಗೆ ಹೊರಟವಳು ಬಾಗಿಲಲ್ಲೇ ನಿಂತು, ಅವ್ವ ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನಪಿಸಿಕೊಳ್ಳಲು ಹೋದರೆ ಮಾತು ಬಂತು, ದನಿ ಬರಲಿಲ್ಲ. ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕ್ಲಾಸಿಗೆ ಹೋಗಲೇ ಇಲ್ಲ.

ನಾನು ಆಗ ಮುಂಡರಗಿಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಗದಗ ಜಿಲ್ಲೆಯಾಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಡಂಬಳದ ಹಿರಿಯರ ಬಾಯಲ್ಲಿ ಅದಿನ್ನೂ ‘ಹೊಸಾ ಜಿಲ್ಲಾ’. ನನ್ನ ಬಳಿ ಹುಬ್ಬಳ್ಳಿಯಲ್ಲಿ ಕೊಂಡ ಒಂದು ಹಳೇ ಲ್ಯಾಪ್‌ಟಾಪ್ ಇತ್ತು. ಪರದೇಶದ ಯಾವುದೋ ಆಫೀಸು ಬೇಡವೆಂದು ಬಿಸಾಕಿದ್ದು. ಧ್ವನಿಮುದ್ರಣದ ಪಾಠಕ್ಕೆ ತಯಾರಿ ಮಾಡಿಕೊಳ್ಳಲು ಒಮ್ಮೆ ಅದನ್ನು ಅವ್ವನ ಮುಂದಿಟ್ಟು, ಗುರೆಳ್ಳು ಚಟ್ನಿ ಹೇಗೆ ಮಾಡುತ್ತೀ ಹೇಳು ಎಂದಿದ್ದೆ. “ಈ ಡಬ್ಬಿಗೆ ಚಟ್ನಿ ಯಾಕ ಬೇಕವಾ, ಅದೇನ್ ರೊಟ್ಟಿ ತಿಂತೈತೇನು?” ಎಂದು ನಗುತ್ತಲೇ ಹೇಳಿದ್ದಳು. ಆ ಫೈಲನ್ನು ನಾನು ಮತ್ತೆಂದೂ ತೆರೆದು ಕೇಳಿರಲಿಲ್ಲ. ಅವ್ವ ಮನೆಯಲ್ಲೇ ಇದ್ದಳಲ್ಲ, ಯಾರು ಕೇಳುತ್ತಾರೆ?

ಈಗ ಕೇಳಬೇಕೆಂದು ತೆರೆದರೆ ಲ್ಯಾಪ್‌ಟಾಪ್ ಕೈಕೊಟ್ಟಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ವಿಂಡೋಸ್ ಅರ್ಧಕ್ಕೆ ಬಂದು ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಎಷ್ಟು ಸಲ ಒತ್ತಿದರೂ ಅದೇ ಹಾಡು. ಸೆರಗಿನಲ್ಲಿ ಕೂಸನ್ನು ಸುತ್ತಿದ ಹಾಗೆ ಅದನ್ನು ಸುತ್ತಿಕೊಂಡು ಗದಗಿನ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರು ನಮ್ಮ ಕ್ಲಾಸಿನ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತಿದ್ದರು. ನಾನು ಅವರಿಗೆ ‘ಭಾಯಿ’ ಎನ್ನುತ್ತಿದ್ದೆ, ಅವರು ನನಗೆ ‘ಅಕ್ಕಾರ’ ಎನ್ನುತ್ತಿದ್ದರು. ನನ್ನ ಮುಖ ನೋಡಿಯೇ ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ಹಚ್ಚಿ ನೋಡಿದರು.

“ಡಿಸ್ಕ್ ಸತ್ತಿಲ್ರಿ ಅಕ್ಕಾರ, ವಿಂಡೋಸ್ ಅಷ್ಟ ಕೆಟ್ಟೈತಿ. ಪೆನ್‌ಡ್ರೈವ್‌ನ್ಯಾಗ ನನ್ನ ಹತ್ರ ವಿಂಡೋಸ್ ಬದ್ಲಿ ಲಿನಕ್ಸ್ ಐತಿ. ಅದರಿಂದ ಚಾಲೂ ಮಾಡಿ, ಒಳಗ ಇರೋ ಫೈಲೆಲ್ಲಾ ಈ ಕಡೆ ಇಳಿಸ್ಕೊಳ್ಳೂಣು. ಎರಡು ನಿಮಿಷದ ಕೆಲಸ.”

“ಜಲ್ದಿ ಮಾಡ್ರಿ ಭಾಯಿ. ಅವ್ವನ ದನಿ ಐತ್ರಿ ಅದರಾಗ. ಬ್ಯಾರೆ ಎಲ್ಲೂ ಇಲ್ಲ.”

ಅವರು ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರು.

ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಎಲ್ಲಿ ಹುಡುಕಬೇಕು, ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಎಂಬ ಸರದಿಯನ್ನು ಬದಲಿಸುವುದಕ್ಕೆ ಒಂದು ಸೆಟಪ್ ಪರದೆ ಇರುತ್ತದೆ. ಈ ಕಸುಬಿನವರು ಅದನ್ನು ಓದುವುದೇ ಇಲ್ಲ. ನಾವು ಕಲಿಸುವವರೂ ಅಷ್ಟೆ. ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು, ಎಂಟರ್, ಕೊನೆಗೆ ‘ಉಳಿಸಲೇ?’ ಎಂದು ಕೇಳಿದಾಗ ಹೌದು. ಎಲ್ಲಾ ಬೆರಳಿನ ಲೆಕ್ಕ. ಭಾಯಿ ಆ ಪರದೆ ತೆರೆದರು. ಅಕ್ಷರಗಳು ಇಂಗ್ಲಿಷಿನವೇ, ಮಾತು ಮಾತ್ರ ಇಂಗ್ಲಿಷಲ್ಲ. ಮಾರಿದವರು ವಿಂಡೋಸನ್ನು ಹೊಸದಾಗಿ ಹಾಕಿದ್ದರು. ಅದರ ಕೆಳಗಿನ ಈ ಪರದೆಯನ್ನು ಯಾರೂ ಮುಟ್ಟಿರಲಿಲ್ಲ, ಅದು ತನ್ನ ದೇಶದ ಮಾತನ್ನೇ ಆಡುತ್ತಾ ಕೂತಿತ್ತು.

“ಇದ್ಯಾವ ಭಾಷಾನೋ ಏನೋ! ಇರ್ಲಿ ಬಿಡ್ರಿ, ಜಾಗ ಅಂತೂ ಎಲ್ಲದರಾಗೂ ಅದ ಇರ್ತೈತಿ,” ಎಂದ ಭಾಯಿಯ ಬೆರಳು ಟಕಟಕ ಓಡಿತು. ಒಂದು ಸಾಲಿನ ಮೇಲೆ ಎಂಟರ್ ಒತ್ತಿದರು. ನಡುವೆ ಒಂದು ಚೌಕ ತೆರೆದು ಏನೋ ಕೇಳಿತು. ಅದರಲ್ಲಿ ‘ಡಾಟೆನ್’ ಎಂಬ ಪದ, ಕೆಳಗೆ ಎರಡು ಗುಂಡಿ.

“ಡೇಟಾ ಉಳಿಸಲ್ಯಾ ಅಂತ ಕೇಳಾಕತ್ತೈತಿ,” ಎಂದರು ಭಾಯಿ.

“ಹೂಂ ಅನ್ರಿ ಮತ್ತ!” ಎಂದೆ. ಡೇಟಾ ಉಳಿಯಲಿ ಎಂದೇ ಅಲ್ಲವೇ ನಾನು ಬಂದದ್ದು?

ಅವರ ಬೆರಳು ಎಂಟರ್ ಮೇಲೆ ಹೋಯಿತು. ಆಗ ನನ್ನೊಳಗಿನ ಟೀಚರಮ್ಮ ಎದ್ದಳು.

“ತಡೀರಿ ತಡೀರಿ! ಒತ್ತಬ್ಯಾಡ್ರಿ! ನಾವಿನ್ನೂ ಏನೂ ಬದಲೇ ಮಾಡಿಲ್ಲ. ಅದು ಏನನ್ನ ಉಳಿಸ್ತೈತಿ?”

ಭಾಯಿ ಕೈ ಹಿಂದೆಗೆದುಕೊಂಡರು. “ಹೌದಲ್ರಿ...” ಎಂದು ಪರದೆಯನ್ನೇ ನೋಡುತ್ತಾ ಕೂತರು.

ಪಕ್ಕದ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇತ್ತು, ಎತ್ತಿನ ಗಾಡಿಯ ವೇಗದ್ದು. ಅನುವಾದದ ಪುಟ ತೆರೆದು ನಾನು ಕೀಲಿಮಣೆಯ ಮುಂದೆ ಕೂತೆ. ಭಾಯಿ ಒಂದೊಂದೇ ಅಕ್ಷರ ಓದಿ ಹೇಳಿದರು. ಒಂದು ‘ಓ’ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇದ್ದವು. ಅವನ್ನು ಎಲ್ಲಿಂದ ತರುವುದು? ಚುಕ್ಕಿ ಬಿಟ್ಟೇ ಟೈಪ್ ಮಾಡಿದೆ. ಪುಟ ತಾನೇ ಚುಕ್ಕಿ ಹಾಕಿಕೊಂಡು, ಇದು ಜರ್ಮನ್ ಎಂದಿತು. ಆಮೇಲೆ ಅರ್ಥ ಬಂತು: ಹಾರ್ಡ್ ಡಿಸ್ಕಿನಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ. ಮುಂದುವರಿಯಬೇಕೇ?

ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯವರು ಡಿಸ್ಕನ್ನು ಪೂರಾ ಒರೆಸಿಹಾಕುವ ಸೌಲಭ್ಯವನ್ನು ಭದ್ರತೆಯ ಪಟ್ಟಿಯಲ್ಲಿಟ್ಟಿದ್ದರು. ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಸರದಿಯ ಸಾಲು ಇರುವ, ಭಾಯಿಯ ಬೆರಳಿಗೆ ರೂಢಿಯಾದ ಜಾಗದಲ್ಲೇ ಇದರಲ್ಲಿ ಅದು ಕೂತಿತ್ತು.

“ಯಾ ಅಲ್ಲಾ!” ಎಂದ ಭಾಯಿ ಎಸ್ಕೇಪ್ ಒತ್ತಿದರು. ಚೌಕ ಮುಚ್ಚಿತು. “ನನ್ನ ಕೈಯಾಗ ನಿಮ್ಮ ಅವ್ವಾರನ್ನ ಇನ್ನೊಮ್ಮೆ ಕಳಸ್ತಿದ್ನಲ್ರಿ ಅಕ್ಕಾರ.”

“ಹೂಂ ಅನ್ರಿ ಅಂದಾಕಿ ನಾನ ಅಲ್ಲೇನ್ರಿ, ಬಿಡ್ರಿ,” ಎಂದೆ.

ಆಮೇಲೆ ಇಬ್ಬರೂ ಓದದೇ ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಮಾರುದ್ದದ ಪದವೊಂದನ್ನು ಭಾಯಿ ಉಸಿರು ತೆಗೆದುಕೊಳ್ಳುತ್ತಾ ಹೇಳಿದರು, ನಡುವೆ “ಇವರಿಗೆ ಪದ ಎಲ್ಲಿ ಮುಗಸಬೇಕಂತ ಗೊತ್ತಿಲ್ಲೇನ್ರಿ?” ಎಂದು ಬೈದರು. ಅದೇ ನಮಗೆ ಬೇಕಾಗಿದ್ದ ಸರದಿಯ ಸಾಲು. ಅದರೊಳಗೆ ಯುಎಸ್‌ಬಿ ಎಂಬುದು ಎಲ್ಲ ದೇಶದಲ್ಲೂ ಯುಎಸ್‌ಬಿಯೇ. ಸಾಲನ್ನು ಯಾವ ಕೀಲಿ ಮೇಲಕ್ಕೆತ್ತುತ್ತದೆ ಎಂದು ಪರದೆಯ ಅಡಿಯಲ್ಲಿ ಬರೆದದ್ದನ್ನೂ ಅರ್ಥಮಾಡಿಕೊಂಡು, ಯುಎಸ್‌ಬಿಯನ್ನು ಡಿಸ್ಕಿಗಿಂತ ಮೇಲೆ ತಂದೆವು. ಹೊರಬರುವಾಗ ಮತ್ತೊಂದು ಚೌಕ, ಮತ್ತೆ ಅದೇ ಎರಡು ಗುಂಡಿ. ಅದನ್ನೂ ಟೈಪ್ ಮಾಡಿದೆ. ಬದಲಾವಣೆಗಳನ್ನು ಉಳಿಸಬೇಕೇ?

“ಈಗ ಹೂಂ ಅನ್ಲ್ಯಾ?” ಎಂದು ಭಾಯಿ ನನ್ನ ಮುಖ ನೋಡಿದರು.

“ಅನ್ರಿ.”

ಪೆನ್‌ಡ್ರೈವಿನ ದೀಪ ಮಿಣುಕಿತು. ಲಿನಕ್ಸ್ ಬಂತು, ಅದರೊಳಗಿಂದ ನನ್ನ ಡಿಸ್ಕು ತೆರೆಯಿತು. ಭಾಯಿ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿದರು. ಆಮೇಲೆ ಆ ಫೈಲ್ ಹುಡುಕಿಕೊಟ್ಟು, “ನೀವ ಹಚ್ರಿ ಅಕ್ಕಾರ,” ಎಂದು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಅವ್ವ ಬಂದಳು. ಗುರೆಳ್ಳು ಹುರಿಯುವಾಗ ಉರಿ ಸಣ್ಣದಿರಲಿ, ಬೆಳ್ಳುಳ್ಳಿ ಹಸಿಯದನ್ನೇ ಹಾಕಬೇಕು ಎಂದಳು, ನಕ್ಕಳು, ಕೆಮ್ಮಿದಳು. ಅಯ್ಯೋ, ಇದೇ ಅಲ್ಲವೇ ಆ ದನಿ ಎಂದುಕೊಂಡೆ. ಚಟ್ನಿ ಮುಗಿಯಿತು. ಫೈಲ್ ಮುಗಿಯಲಿಲ್ಲ. ಯಾರದೋ ಫೋನ್ ಬಂದು ನಾನು ಹಿತ್ತಲಿಗೆ ಹೋಗಿದ್ದಿರಬೇಕು, ಧ್ವನಿಮುದ್ರಣ ನಿಲ್ಲಿಸಿರಲಿಲ್ಲ. ಪಾತ್ರೆಯ ಸದ್ದು, ಗುಬ್ಬಿಯ ಸದ್ದು. ಬಹಳ ಹೊತ್ತಿನ ಮೇಲೆ ಅವ್ವ ಕೂಗಿದಳು.

“ಯವ್ವಾ, ಎಲ್ಲಿದ್ದೀ? ಚಾ ಆರಾಕತ್ತೈತಿ.”

ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದಳು, ಸ್ವಲ್ಪ ಜೋರಾಗಿ: “ಕೇಳಸ್ತೇನವಾ?”

ಗದಗಿನ ಆ ಅಂಗಡಿಯಲ್ಲಿ, ಹೊರಗೆ ಆಟೋದವರು ಕೂಗಾಡುತ್ತಿರುವಾಗ, ನಾನು ಕೂತಲ್ಲಿಂದಲೇ ಗಟ್ಟಿಯಾಗಿ ಅಂದೆ: “ಕೇಳಸ್ತವಾ. ಬಂದೆ.”