ಅಕ್ಕ ಕೊಟ್ಟ ತೆರಿಗೆಯ ಮಾತುಗಳು

ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಕೋಣೆಯಲ್ಲಿ ಕೂತು ನಾನು ಸಂಬಳದವರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತೇನೆ. ಬರುವವರಲ್ಲಿ ಗಡಿ ಊರುಗಳ ಕನ್ನಡ ಶಾಲೆಯ ಮೇಷ್ಟ್ರುಗಳೇ ಹೆಚ್ಚು. ಮಕ್ಕಳಿಗೆ ವ್ಯಾಕರಣ ಹೇಳಿಕೊಡುವವರು ಕೂಡ ಡಿಡಕ್ಷನ್ ಎಂದರೆ ಬೆಪ್ಪಾಗಿ ನೋಡುತ್ತಾರೆ. ನನಗೆ ತಾಳ್ಮೆ ಕಡಿಮೆ. ಮೊದಮೊದಲು ಗದರಿಬಿಡುತ್ತಿದ್ದೆ.

ಆ ಗದರಿಕೆಯನ್ನು ಬಿಡಿಸಿದವಳು ನನ್ನ ಅಕ್ಕ. ಕಲ್ಯಾಣದುರ್ಗದ ಹತ್ತಿರ ಕನ್ನಡ ಶಾಲೆಯಲ್ಲಿ ಅವಳೂ ಟೀಚರ್. ಒಂದು ಭಾನುವಾರ ನನ್ನ ಕುರ್ಚಿಯಲ್ಲೇ ಕೂತು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. ಡಿಡಕ್ಷನ್: ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ. ಅಸೆಸ್‌ಮೆಂಟ್ ಇಯರ್: ದುಡಿದ ವರ್ಷದ ಮುಂದಿನ ವರ್ಷ, ಲೆಕ್ಕ ಒಪ್ಪಿಸುವ ವರ್ಷ. ರೀಫಂಡ್: ಹೆಚ್ಚಿಗೆ ಕಟ್ಟಿದ ತೆರಿಗೆ ವಾಪಸ್ಸು.

"ರೀಫಂಡ್ ಅಂದ್ರೆ ಸರ್ಕಾರ ಕೊಡೋ ಇನಾಮು ಅಂದ್ಕೊಂಡವ್ರೆ ಕಣೇ. ನಿಮ್ದೇ ದುಡ್ಡು ಅಂತ ಮೊದ್ಲು ಹೇಳು" ಅಂದಳು.

ರಟ್ಟನ್ನು ಗೋಡೆಗೆ ತೂಗುಹಾಕಿದೆ. ಜನ ಅದನ್ನು ಓದಿ ತಲೆಯಾಡಿಸುತ್ತಿದ್ದರು. ನಾನೂ ಮೆತ್ತಗಾದೆ.

ಅಕ್ಕ ಹಳೆಯ ಪದ್ಧತಿಯಲ್ಲೇ ತೆರಿಗೆ ಕಟ್ಟುತ್ತಿದ್ದಳು, ಆದ್ದರಿಂದ ವಿಮೆ, ಆರೋಗ್ಯ ತಪಾಸಣೆ ಎಲ್ಲವನ್ನೂ ಕಳೆಯಲು ಬರುತ್ತಿತ್ತು. ಪ್ರತಿ ಜೂನ್‌ನಲ್ಲಿ ಕಾಗದಗಳನ್ನು ಕವರಿನಲ್ಲಿ ಹಾಕಿಕೊಂಡು ತಾನೇ ಬರುತ್ತಿದ್ದಳು. ನಮ್ಮ ಕೆಲಸದ ರೀತಿ ಹೀಗೆ: ಬಿಲ್ಲಿನಲ್ಲಿ ಹೆಸರು, ತಾರೀಖು, ಮೊತ್ತ ನೋಡುವುದು, ತುಂಬುವುದು. ಕಾಗದವನ್ನು ರಿಟರ್ನ್ ಜೊತೆ ಕಳಿಸಬೇಕಿಲ್ಲ, ಇಲಾಖೆ ಕೇಳಿದರೆ ತೋರಿಸಲು ಇಟ್ಟುಕೊಂಡರೆ ಸಾಕು. ಹೋದ ವರ್ಷದ ಜೂನ್‌ನಲ್ಲಿ ಅವಳ ಕವರಿನ ಮೇಲುಗಡೆಯೇ ಒಂದು ಲ್ಯಾಬಿನ ಬಿಲ್ಲಿತ್ತು. ಫೆಬ್ರವರಿಯ ತಪಾಸಣೆ. ಮೊತ್ತ ತುಂಬಿದೆ.

"ಎಲ್ಲಾ ಓದಿದ್ಯೇನೇ?" ಅಂತ ಅಕ್ಕ ಕೇಳಿದಳು.

"ಓದಕ್ಕೇನೈತಕ್ಕ, ಮೊತ್ತ ಸಿಕ್ರೆ ಸಾಕು" ಅಂದೆ. ಹೊರಗೆ ಆರು ಜನ ಕಾಯುತ್ತಿದ್ದರು.

ಅವಳು ಬಾಗಿಲಾಚೆ ಕಾಯುತ್ತಿದ್ದವರನ್ನು ನೋಡಿದಳು. ಆಮೇಲೆ "ಬಸ್ಸಿಗೆ ಹೊತ್ತಾಯ್ತು, ಬತ್ತೀನಿ" ಎಂದು ಎದ್ದಳು.

ನವೆಂಬರ್‌ನಲ್ಲಿ ಅಕ್ಕನ ಎದೆಯಲ್ಲಿ ಗಡ್ಡೆಯಿರುವ ವಿಷಯ ಮನೆಯವರಿಗೆಲ್ಲ ತಿಳಿಯಿತು. ಅಷ್ಟರಲ್ಲಿ ಕೈಮೀರಿತ್ತು. ಯುಗಾದಿಗೆ ಇನ್ನೂ ವಾರಗಳಿರುವಾಗಲೇ ಹೋಗಿಬಿಟ್ಟಳು.

ಸತ್ತವರ ರಿಟರ್ನನ್ನೂ ತುಂಬಬೇಕು, ವಾರಸುದಾರರು ತುಂಬಬೇಕು. ಮರಣ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ ಹಾಕಿ, ಭಾವನನ್ನು ವಾರಸುದಾರರೆಂದು ನಮೂದಿಸಲು ಇಲಾಖೆಗೆ ನಾನೇ ಅರ್ಜಿ ಕೊಟ್ಟಿದ್ದೆ. ಅದು ಒಪ್ಪಿಗೆಯಾದ ಮೇಲೆ ಜುಲೈನಲ್ಲಿ ಭಾವ ಕಲ್ಯಾಣದುರ್ಗದಿಂದ ಬಂದರು. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಕನ್ನಡ, ತೆಲುಗು ಓದುತ್ತಾರೆ, ಇಂಗ್ಲಿಷ್ ಬಾರದು.

ಪರದೆಯ ಮೇಲಿನ ವರ್ಷವನ್ನು ಬೆರಳಲ್ಲಿ ತೋರಿಸಿ, "ಈ ವರ್ಷದಾಗೆ ಅವ್ಳು ಇಲ್ವಲ್ಲಮ್ಮ" ಅಂದರು.

"ಅದು ಲೆಕ್ಕ ಒಪ್ಪಿಸೋ ವರ್ಷ ಭಾವ. ದುಡಿದಿದ್ದು ಅದರ ಹಿಂದಿನ ವರ್ಷ."

"ಒಪ್ಸಕ್ಕೆ ನಾನು ಬರಬೇಕಾಯ್ತು" ಅಂದರು.

ಹೋದ ಸಲ ಏನೇನು ಕಳೆದಿದ್ದೆವೆಂದು ನೋಡಲು ಹಳೆಯ ಕವರು ತೆಗೆದೆ. ಲ್ಯಾಬಿನ ಬಿಲ್ಲು ಕೈಗೆ ಬಂತು. ಅದರ ಹಿಂದೆ ಇನ್ನೊಂದು ಹಾಳೆ ಪಿನ್ ಮಾಡಿತ್ತು. ಒಂದು ವರ್ಷದಿಂದ ನನ್ನ ಬೀರುವಿನಲ್ಲಿದ್ದ ಹಾಳೆ. ಅದನ್ನು ನಾನು ಆವತ್ತೇ ಮೊದಲು ತಿರುವಿದೆ.

ನನ್ನ ಮುಖ ನೋಡಿ ಭಾವ, "ಏನಮ್ಮ ಅದು? ಎಲ್ರಿಗೂ ಕನ್ನಡದಾಗೆ ಹೇಳ್ತೀಯಲ್ಲ, ನಂಗೂ ಹೇಳು" ಅಂದರು.

ಹಳೆಯ ಬಿಲ್ಲು ಎಂದು ಹೇಳಿ ಮಡಚಿಡಬಹುದಿತ್ತು. ಅವರು ನಂಬುತ್ತಿದ್ದರು. ಆ ಒಂದು ನಿಮಿಷ ಹಾಗೇ ಮಾಡಬೇಕೆಂದೂ ಅನ್ನಿಸಿತು, ಅದನ್ನು ಬಚ್ಚಿಡುವುದಿಲ್ಲ.

"ಎಡ ಎದೆಯಲ್ಲಿ ಗಡ್ಡೆ ಕಾಣಿಸ್ತೈತೆ, ತಡ ಮಾಡದೆ ದೊಡ್ಡಾಸ್ಪತ್ರೆಗೆ ತೋರಿಸಿ ಅಂತ ಐತೆ ಭಾವ."

"ಯಾವತ್ತಿಂದು?"

"ಫೆಬ್ರವರಿದು. ನವೆಂಬರ್‌ಗೆ ಒಂಬತ್ತು ತಿಂಗಳು ಮುಂಚೆ. ಜೂನ್‌ನಾಗೆ ಅಕ್ಕ ಇದನ್ನ ನನ್ನ ಕೈಗೆ ಕೊಟ್ಟಿದ್ಲು. ಬಾಯಲ್ಲಿ ಹೇಳಕ್ಕಾಗದೆ ಕೊಟ್ಟಿದ್ಲು. ನಾನು ಮೊತ್ತ ಮಾತ್ರ ನೋಡ್ದೆ."

ಭಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಾಳೆಯನ್ನು ತೆಗೆದುಕೊಂಡು, ಓದಲು ಬಾರದ ಆ ಸಾಲುಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇಬ್ರೂ ಒಂದೇ ಮನೇಲಿದ್ವಿ. ನಾನೂ ಕೇಳ್ಲಿಲ್ಲ ಕಣಮ್ಮ" ಅಂದರು.

ರಿಟರ್ನ್ ತುಂಬಿ ಮುಗಿಸಿದಾಗ, ಅದನ್ನು ಖಚಿತಪಡಿಸುವ ಓಟಿಪಿ ಅವರ ಮೊಬೈಲಿಗೆ ಬಂತು. ಒಂದೊಂದೇ ಅಂಕಿಯನ್ನು ಅವರು ಓದಿದರು, ಅಕ್ಕನ ಪರವಾಗಿ ನಾನು ಒತ್ತಿದೆ.